ಏಳು ಪುಟದಿಂದ ಒಂದು ಪುಟಕ್ಕೆ: ಬೋಧನಾ ಹುದ್ದೆಗೆ ಸ್ವವಿವರ ಬರೆಯುವ ಕ್ರಮ

ನಮ್ಮಲ್ಲಿ ಬಿ.ಇಡಿ.ಗೆ ಸೇರುವವರಲ್ಲಿ ಪಿಎಚ್.ಡಿ. ಮುಗಿಸಿದವರು ಒಬ್ಬಿಬ್ಬರಾದರೂ ಇರುತ್ತಾರೆ. ನಾವಿರುವ ಜಾಗವೂ ಅದಕ್ಕೆ ಒಂದು ಕಾರಣ. ಅಲ್ಲಾಳಸಂದ್ರದ ಮಗ್ಗುಲಲ್ಲೇ ಜಿಕೆವಿಕೆ ಇದೆ. ಅದೇ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಸ್ವಲ್ಪ ಆಚೆಗೆ, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಸಂಶೋಧನೆಯಲ್ಲಿ ಐದಾರು ವರ್ಷ ಕಳೆದು, ನಾನು ಮಾಡಬೇಕಾದ್ದು ಪಾಠ ಎಂದು ತೀರ್ಮಾನಿಸಿದವರು ಈ ಸುತ್ತಿನಲ್ಲಿ ಅಪರೂಪವಲ್ಲ. ಎರಡು ವರ್ಷದ ತರಬೇತಿ ಮುಗಿಯುವ ಹೊತ್ತಿಗೆ ಅವರ ಕೈಯಲ್ಲಿ ಪಾಠ ಯೋಜನೆಗಳ ಕಡತವಿರುತ್ತದೆ. ಆದರೆ ಕೆಲಸಕ್ಕೆ ಅರ್ಜಿ ಹಾಕುವಾಗ ಅವರು ಲಗತ್ತಿಸುವುದು ಮಾತ್ರ ಪ್ರಯೋಗಾಲಯದ ದಿನಗಳಲ್ಲಿ ಬರೆದ ಆರು, ಏಳು, ಎಂಟು ಪುಟದ ಸಿ.ವಿ.ಯನ್ನೇ.

ಅಭ್ಯಾಸ ಬೋಧನೆಯ ಮೇಲ್ವಿಚಾರಣೆಯ ಜೊತೆಗೆ ನಾನು ಖಾಸಗಿ ಪದವಿಪೂರ್ವ ಕಾಲೇಜುಗಳ ಆಯ್ಕೆ ಸಮಿತಿಗಳಲ್ಲಿ ವಿಷಯತಜ್ಞರ ಸ್ಥಾನದಲ್ಲಿ ಕೂತಿದ್ದೇನೆ. ಆದ್ದರಿಂದ ಇಂಥ ಅರ್ಜಿಗಳನ್ನು ಮೇಜಿನ ಎರಡೂ ಬದಿಯಿಂದ ನೋಡುವ ಅವಕಾಶ ಸಿಕ್ಕಿದೆ. ಉದ್ದದ ಸಿ.ವಿ.ಯನ್ನು ಒಂದು ಪುಟಕ್ಕೆ ತರುವ ಕೆಲಸವನ್ನು ಒಬ್ಬ ಪ್ರಶಿಕ್ಷಣಾರ್ಥಿಯ ಉದಾಹರಣೆಯ ಮೂಲಕ ಇಲ್ಲಿ ಹಂತಹಂತವಾಗಿ ವಿವರಿಸುತ್ತೇನೆ. ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊದಲೇ ಒಂದು ಮಿತಿಯನ್ನು ಹೇಳಿಬಿಡುವುದು ಒಳ್ಳೆಯದು. ಸರ್ಕಾರಿ ಪದವಿಪೂರ್ವ ಕಾಲೇಜಿನ ಉಪನ್ಯಾಸಕ ಹುದ್ದೆಗೆ ನಿಗದಿತ ಅರ್ಜಿ ನಮೂನೆ ಇರುತ್ತದೆ, ಸ್ಪರ್ಧಾತ್ಮಕ ಪರೀಕ್ಷೆ ಇರುತ್ತದೆ. ಅಲ್ಲಿ ಸ್ವವಿವರ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಈ ಲೇಖನದ ವಿಷಯ ಖಾಸಗಿ ಶಾಲೆ, ಕಾಲೇಜುಗಳ ಹುದ್ದೆಗಳು. ಅಲ್ಲಿ ಮೊದಲು ಕಾಗದವನ್ನು ನೋಡುತ್ತಾರೆ, ಆಮೇಲೆ ಮಾದರಿ ಪಾಠಕ್ಕೆ ಕರೆಯುತ್ತಾರೆ.

ಓದುವವರು ಯಾರು?

ಉದ್ದದ ಸಿ.ವಿ. ಒಂದು ದಾಖಲೆ. ಒಬ್ಬ ಸಂಶೋಧಕ ಇದುವರೆಗೆ ಏನೇನು ಮಾಡಿದ್ದಾನೆ ಎಂಬುದರ ಲೆಕ್ಕಪುಸ್ತಕ ಅದು. ಅದನ್ನು ಓದುವವರು ಅದೇ ವಿಷಯದ ಇನ್ನೊಬ್ಬ ಸಂಶೋಧಕರು. ಅವರಿಗೆ ಯಾವ ನಿಯತಕಾಲಿಕದಲ್ಲಿ ಪ್ರಕಟವಾಗಿದೆ, ಲೇಖಕರ ಪಟ್ಟಿಯಲ್ಲಿ ಹೆಸರು ಎಷ್ಟನೆಯದು, ಯಾವ ಉಪಕರಣ ಬಳಸಲು ಬರುತ್ತದೆ ಎಂಬುದು ಬೇಕು. ಹಾಗಾಗಿ ಅದಕ್ಕೆ ವರ್ಷವರ್ಷವೂ ಸಾಲುಗಳು ಸೇರುತ್ತವೆ, ಯಾವುದನ್ನೂ ತೆಗೆಯುವುದಿಲ್ಲ. ಆ ಕೆಲಸಕ್ಕೆ ಅದು ಸರಿಯೇ.

ಪದವಿಪೂರ್ವ ಕಾಲೇಜಿನಲ್ಲಿ ಅದನ್ನು ಓದುವವರು ಸಾಮಾನ್ಯವಾಗಿ ಮೂವರು: ಪ್ರಾಂಶುಪಾಲರು, ವಿಷಯದ ಹಿರಿಯ ಉಪನ್ಯಾಸಕರು, ಆಡಳಿತ ಮಂಡಳಿಯ ಒಬ್ಬ ಪ್ರತಿನಿಧಿ. ಮೂವರ ಪ್ರಶ್ನೆಗಳೂ ಬೇರೆ ಬೇರೆ. ಪ್ರಾಂಶುಪಾಲರು ಅರ್ಹತೆ ನೋಡುತ್ತಾರೆ: ಸ್ನಾತಕೋತ್ತರ ಪದವಿ ಯಾವ ವಿಷಯದಲ್ಲಿ, ಶೇಕಡ ಎಷ್ಟು, ಬಿ.ಇಡಿ. ಆಗಿದೆಯೇ. ವಿಷಯದ ಉಪನ್ಯಾಸಕರು ಕೆಲಸದ ಹಂಚಿಕೆ ನೋಡುತ್ತಾರೆ: ಯಾವ ಅಧ್ಯಾಯಗಳನ್ನು ಇವರಿಗೆ ಕೊಡಬಹುದು, ಪ್ರಾಯೋಗಿಕ ತರಗತಿ ನಡೆಸಬಲ್ಲರೇ. ಆಡಳಿತ ಮಂಡಳಿಯವರು ಒಂದೇ ವಿಷಯ ನೋಡುತ್ತಾರೆ: ಜೂನ್‌ನಲ್ಲಿ ಸೇರಿದವರು ಪರೀಕ್ಷೆ ಮುಗಿಯುವವರೆಗೆ ಇರುತ್ತಾರೆಯೇ? ನಡುವರ್ಷದಲ್ಲಿ ಜೀವಶಾಸ್ತ್ರದ ಉಪನ್ಯಾಸಕರು ಬಿಟ್ಟುಹೋದರೆ ಎರಡನೇ ಪಿಯುಸಿ ಮಕ್ಕಳ ಪಾಡೇನು ಎಂಬ ಭಯ ಅವರಿಗೆ ಯಾವಾಗಲೂ ಇದೆ. ಏಳು ಪುಟ ಸಂಶೋಧನೆ ಕಂಡಾಗ ಆ ಭಯ ಇನ್ನೂ ಹೆಚ್ಚುತ್ತದೆ. "ಇವರಿಗೆ ನಾಳೆ ಹೊರದೇಶದಲ್ಲಿ ಫೆಲೋಶಿಪ್ ಸಿಕ್ಕರೆ ಹೋಗಿಬಿಡ್ತಾರೆ, ಬೇಡ" ಎಂಬ ಮಾತನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. ಅರ್ಹತೆ ಹೆಚ್ಚಾದದ್ದೇ ಅರ್ಜಿ ಬದಿಗೆ ಸರಿಯಲು ಕಾರಣವಾಗುವುದು ಹೀಗೆ.

ಒಂದು ಪುಟದ ಸ್ವವಿವರದ ಕೆಲಸ ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವುದು. ಹಾಗೆಂದು ಪಿಎಚ್.ಡಿ.ಯನ್ನು ಮುಚ್ಚಿಡಬೇಕಾಗಿಲ್ಲ. ಮುಚ್ಚಿಟ್ಟರೆ ಆ ಐದು ವರ್ಷ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಅದನ್ನು ಎಲ್ಲಿ, ಎಷ್ಟು ಸಾಲಿನಲ್ಲಿ ಇಡಬೇಕು ಎಂಬುದಷ್ಟೇ ತೀರ್ಮಾನ ಆಗಬೇಕು.

ಮೊದಲ ಹಂತ: ಇರುವುದನ್ನು ಅಳೆಯುವುದು

ನಮ್ಮ ಪ್ರಶಿಕ್ಷಣಾರ್ಥಿ ಅಲ್ಲಾಳಸಂದ್ರದಲ್ಲೇ ವಾಸ. ಎಂ.ಎಸ್ಸಿ. ಸಸ್ಯಶಾಸ್ತ್ರದಲ್ಲಿ. ಪಿಎಚ್.ಡಿ. ರಾಗಿಯ ಬರ ಸಹಿಷ್ಣುತೆಯ ಬಗ್ಗೆ. ಅರ್ಜಿ ಹಾಕಬೇಕಾಗಿದ್ದುದು ಯಲಹಂಕ ಕಡೆಯ ಒಂದು ಪದವಿಪೂರ್ವ ಕಾಲೇಜಿನ ಜೀವಶಾಸ್ತ್ರ ಉಪನ್ಯಾಸಕ ಹುದ್ದೆಗೆ. ಅವರ ಏಳು ಪುಟವನ್ನು ಮುಂದಿಟ್ಟುಕೊಂಡು ಯಾವ ವಿಷಯಕ್ಕೆ ಎಷ್ಟು ಜಾಗ ಹೋಗಿದೆ ಎಂದು ಅಂಚಿನಲ್ಲಿ ಬರೆಯಲು ಹೇಳಿದೆ. ಲೆಕ್ಕ ಹೀಗೆ ಬಂತು: ವಿದ್ಯಾರ್ಹತೆ ಅರ್ಧ ಪುಟ, ಪ್ರಬಂಧದ ಸಾರಾಂಶ ಅರ್ಧ ಪುಟ, ಒಂಬತ್ತು ಸಂಶೋಧನಾ ಲೇಖನಗಳು ಎರಡು ಪುಟ, ಹದಿನಾಲ್ಕು ವಿಚಾರ ಸಂಕಿರಣಗಳು ಒಂದೂವರೆ ಪುಟ, ಪ್ರಯೋಗಾಲಯ ತಂತ್ರಗಳ ಪಟ್ಟಿ ಅರ್ಧ ಪುಟ, ಕಾರ್ಯಾಗಾರಗಳ ಪ್ರಮಾಣಪತ್ರಗಳು ಒಂದು ಪುಟ, ಉಳಿದದ್ದು ಪರಿಚಯ ನೀಡಬಲ್ಲವರ ಹೆಸರು, ವೈಯಕ್ತಿಕ ವಿವರ, ಘೋಷಣೆ. ಬೋಧನೆ ಇದ್ದುದು ಆರನೇ ಪುಟದ ಕೊನೆಯಲ್ಲಿ, ಮೂರು ಸಾಲು.

ಈ ಅಳತೆಯನ್ನು ಬಿಡದೆ ಮಾಡಿ. ಅದು ಹತ್ತು ನಿಮಿಷದ ಕೆಲಸ. ಹುದ್ದೆ ಬೋಧನೆಯದು, ಬೋಧನೆಗೆ ಕೊಟ್ಟ ಜಾಗ ಮೂರು ಸಾಲು ಎಂದು ಕಣ್ಣಿಗೆ ಕಂಡ ಮೇಲೆ ಅಕ್ಷರದ ಗಾತ್ರ ಕಿರಿದು ಮಾಡಿ ಏಳನ್ನು ನಾಲ್ಕಕ್ಕೆ ತರುವ ಯೋಚನೆ ತಾನಾಗಿ ಬಿಟ್ಟುಹೋಗುತ್ತದೆ.

ಎರಡನೇ ಹಂತ: ಕಳೆಯುವ ಮೊದಲು ಕೂಡಿಸುವುದು

ಉದ್ದದ್ದನ್ನು ಚಿಕ್ಕದು ಮಾಡುವುದೆಂದರೆ ಅಳಿಸುವುದು ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಉದ್ದದ ಸಿ.ವಿ.ಯಲ್ಲಿ ಇಲ್ಲದೇ ಇರುವುದು ಎಷ್ಟು ಅಳಿಸಿದರೂ ಹೊರಗೆ ಬರುವುದಿಲ್ಲ. ಆದ್ದರಿಂದ ಹಳೆಯ ಕಡತವನ್ನು ಪಕ್ಕಕ್ಕಿಟ್ಟು, ಖಾಲಿ ಹಾಳೆಯಲ್ಲಿ ಒಂದು ಪಟ್ಟಿ ಮಾಡಬೇಕು: ಇದುವರೆಗೆ ಯಾರಿಗೆ, ಏನನ್ನು, ಎಲ್ಲಿ, ಎಷ್ಟು ದಿನ ಕಲಿಸಿದ್ದೇನೆ? ಸಂಬಳ ಬಂತೋ ಇಲ್ಲವೋ, ಹುದ್ದೆಗೆ ಹೆಸರಿತ್ತೋ ಇಲ್ಲವೋ, ಲೆಕ್ಕಕ್ಕೆ ಬೇಡ.

ಅವರ ಪಟ್ಟಿಯಲ್ಲಿ ಐದು ಸಂಗತಿಗಳು ಬಂದವು. ಬಿ.ಇಡಿ. ಶಾಲಾ ಇಂಟರ್ನ್‌ಶಿಪ್ ಮೊದಲನೆಯದು. ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲೆಯೊಡನೆ ಕನಿಷ್ಠ 20 ವಾರಗಳ ಒಡನಾಟ ಇರಬೇಕೆಂದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಹೇಳುತ್ತದೆ: ಮೊದಲ ವರ್ಷ 4, ಎರಡನೇ ವರ್ಷ 16. ಎರಡನೆಯದು, ಸಂಶೋಧನೆಯ ಅವಧಿಯಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಎರಡು ಸೆಮಿಸ್ಟರ್ ನಡೆಸಿದ ಪ್ರಾಯೋಗಿಕ ತರಗತಿ. ಮೂರನೆಯದು, ಇಬ್ಬರು ಎಂ.ಎಸ್ಸಿ. ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ದಿನನಿತ್ಯದ ಮಾರ್ಗದರ್ಶನ. ನಾಲ್ಕನೆಯದು, ಶಾಲಾ ಮಕ್ಕಳು ಪ್ರಯೋಗಾಲಯ ನೋಡಲು ಬಂದ ದಿನಗಳಲ್ಲಿ ಸೂಕ್ಷ್ಮದರ್ಶಕದ ಮೇಜನ್ನು ನೋಡಿಕೊಂಡದ್ದು.

ಐದನೆಯದನ್ನು ಅವರು ಬಹಳ ಸಂಕೋಚದಿಂದ ಹೇಳಿದರು. ಪ್ರಬಂಧ ಸಲ್ಲಿಸಿ ಮೌಖಿಕ ಪರೀಕ್ಷೆಗೆ ಕಾಯುತ್ತಿದ್ದಾಗ, ಫೆಲೋಶಿಪ್ ನಿಂತುಹೋಗಿದ್ದರಿಂದ, ಕೊಡಿಗೇಹಳ್ಳಿಯ ಒಂದು ಟ್ಯೂಷನ್ ಕೇಂದ್ರದಲ್ಲಿ ಹನ್ನೊಂದು ತಿಂಗಳು ಪಿಯುಸಿ ಜೀವಶಾಸ್ತ್ರ ಪಾಠ ಮಾಡಿದ್ದರು. "ಮೇಡಂ, ಟ್ಯೂಷನ್ ಅಂತ ಸಿ.ವಿ.ಯಲ್ಲಿ ಹೇಗೆ ಬರೆಯೋದು? ಗೈಡ್ ನೋಡಿದರೆ ಏನಂದುಕೊಳ್ತಾರೆ?" ಎಂದರು. ಸಂಶೋಧನಾ ಸಿ.ವಿ.ಯಲ್ಲಿ ಅದಕ್ಕೆ ಜಾಗ ಇರಲಿಲ್ಲ, ನಿಜ. ಆದರೆ ಈ ಅರ್ಜಿ ಗೈಡ್ ಕೈಗೆ ಹೋಗುವುದಿಲ್ಲ. ಇದೇ ಪಠ್ಯವನ್ನು ಇದೇ ವಯಸ್ಸಿನ ಮಕ್ಕಳಿಗೆ ಹನ್ನೊಂದು ತಿಂಗಳು ಕಲಿಸಿದ ಅನುಭವ ಅವರ ಒಂಬತ್ತು ಲೇಖನಗಳಿಗಿಂತ ಈ ಹುದ್ದೆಗೆ ಹತ್ತಿರದ್ದು. ಆಡಳಿತ ಮಂಡಳಿಯವರ ಪ್ರಶ್ನೆಗೂ ಅದರಲ್ಲೇ ಉತ್ತರವಿದೆ. ಪಾಠ ಮಾಡುವುದನ್ನು ಒಂದು ವರ್ಷ ಮಾಡಿ ನೋಡಿ, ಆಮೇಲೆ ಎರಡು ವರ್ಷದ ಬಿ.ಇಡಿ.ಗೆ ಸೇರಿದವರು ಎಂಬುದು ದಿನಾಂಕಗಳಿಂದಲೇ ಗೊತ್ತಾಗುತ್ತದೆ. "ನಾನು ಬೋಧನಾ ವೃತ್ತಿಗೆ ಬದ್ಧಳಾಗಿದ್ದೇನೆ" ಎಂಬ ವಾಕ್ಯ ಬೇಕಾಗುವುದಿಲ್ಲ.

ಮೂರನೇ ಹಂತ: ಕೆಲಸದ ಹೆಸರಿಗೆ ಬದಲು ಕೆಲಸವನ್ನೇ ಬರೆಯುವುದು

ಹಳೆಯ ಸಿ.ವಿ.ಯಲ್ಲಿ ಪ್ರಾಯೋಗಿಕ ತರಗತಿಯ ಬಗ್ಗೆ ಹೀಗಿತ್ತು: "ಬೋಧನಾ ಸಹಾಯಕಿ, ಸಸ್ಯ ಶರೀರಕ್ರಿಯಾಶಾಸ್ತ್ರ, ಎರಡು ಸೆಮಿಸ್ಟರ್." ಇದರಿಂದ ಅವರು ನಿಂತು ಪಾಠ ಮಾಡಿದರೋ, ಗಾಜಿನ ಸಾಮಾನು ಎಣಿಸಿಟ್ಟರೋ ತಿಳಿಯುವುದಿಲ್ಲ. ವಿಚಾರಿಸಿದಾಗ ಸಂಗತಿ ಹೊರಬಂತು: 24 ವಿದ್ಯಾರ್ಥಿಗಳ ಎರಡು ತಂಡ, ವಾರಕ್ಕೊಂದು ತರಗತಿ, ಪ್ರಯೋಗದ ಸೂಚನಾ ಹಾಳೆ ತಯಾರಿಸಿದ್ದು ಇವರೇ, ದಾಖಲೆ ಪುಸ್ತಕ ತಿದ್ದಿದ್ದೂ ಇವರೇ. ಹೊಸ ಸಾಲು ಹೀಗಾಯಿತು: "24 ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಎರಡು ಸೆಮಿಸ್ಟರ್ ಪ್ರಾಯೋಗಿಕ ತರಗತಿ. ಸೂಚನಾ ಹಾಳೆಗಳ ತಯಾರಿ, ದಾಖಲೆ ಪುಸ್ತಕಗಳ ಮೌಲ್ಯಮಾಪನ." ಸಾಲು ಉದ್ದವಾಯಿತು. ಒಂದು ಪುಟದ ಸ್ವವಿವರದಲ್ಲಿ ಕೆಲವು ಸಾಲುಗಳು ಉದ್ದವಾಗಲೇಬೇಕು.

ಇಂಟರ್ನ್‌ಶಿಪ್ ವಿಷಯದಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಕೈಯಲ್ಲಿ ಬೇರೆ ಅಭ್ಯರ್ಥಿಗಳಿಗಿಲ್ಲದ ಅನುಕೂಲವಿದೆ. ಪಾಠ ಯೋಜನೆ, ಮಾರ್ಗದರ್ಶಕ ಶಿಕ್ಷಕರ ಅವಲೋಕನ ಹಾಳೆ, ಘಟಕ ಪರೀಕ್ಷೆಯ ನೀಲನಕ್ಷೆ, ಅಂಕಗಳ ವಿಶ್ಲೇಷಣೆ ಎಲ್ಲವೂ ಕಡತದಲ್ಲಿವೆ. ಆದರೂ ಹೆಚ್ಚಿನವರು "16 ವಾರಗಳ ಇಂಟರ್ನ್‌ಶಿಪ್ ಪೂರೈಸಿದ್ದೇನೆ" ಎಂದು ಬರೆದು ನಿಲ್ಲಿಸುತ್ತಾರೆ. ಅದನ್ನು ಬಿ.ಇಡಿ. ಮುಗಿಸಿದ ಪ್ರತಿಯೊಬ್ಬರೂ ಬರೆಯಬಹುದು. ನಿಮ್ಮ ಕಡತದಲ್ಲಿ ಮಾತ್ರ ಇರುವ ಒಂದು ಸಂಗತಿಯನ್ನು ಆರಿಸಬೇಕು.

ಇವರ ಕಡತದಲ್ಲಿ ಒಂಬತ್ತನೇ ತರಗತಿಯ "ಅಂಗಾಂಶಗಳು" ಘಟಕದ ನಿದಾನಾತ್ಮಕ ಪರೀಕ್ಷೆ ಇತ್ತು. 38 ಮಕ್ಕಳಲ್ಲಿ 21 ಮಂದಿ ಕ್ಸೈಲಮ್ ಮತ್ತು ಫ್ಲೋಯಮ್ ಕೆಲಸಗಳನ್ನು ಅದಲುಬದಲು ಮಾಡಿದ್ದರು. ಬಣ್ಣದ ನೀರಿನಲ್ಲಿ ಕರ್ಣಕುಂಡಲ ಗಿಡದ ಕಾಂಡ ನಿಲ್ಲಿಸಿ, ಮರುದಿನ ಅಡ್ಡ ಕತ್ತರಿಸಿ ತೋರಿಸಿ, ಎರಡು ಅವಧಿ ಪರಿಹಾರ ಬೋಧನೆ ಮಾಡಿದ ಮೇಲೆ ಅದೇ ಗೊಂದಲ ಉಳಿದದ್ದು 8 ಮಂದಿಯಲ್ಲಿ. ಇದನ್ನು ಎರಡು ಸಾಲಿನಲ್ಲಿ ಬರೆದೆವು. ಉಳಿದ ಎಂಟನ್ನು ಬಿಟ್ಟು "ಎಲ್ಲರೂ ಕಲಿತರು" ಎಂದು ಬರೆಯುವ ಆಸೆ ಬರುವುದು ಸಹಜ. ಹಾಗೆ ಬರೆಯಬಾರದು. ತರಗತಿಯಲ್ಲಿ ನಿಂತವರು ಯಾರೂ ಅದನ್ನು ನಂಬುವುದಿಲ್ಲ. 8 ಎಂಬ ಅಂಕಿ ಇದ್ದರೆ ಮಾತ್ರ 21 ಎಂಬ ಅಂಕಿಯೂ ನಿಜವೆನಿಸುತ್ತದೆ.

ನಾಲ್ಕನೇ ಹಂತ: ಸಂಶೋಧನೆಗೆ ಮೂರು ಸಾಲು

ಎಲ್ಲರ ಕೈ ತಡೆಯುವುದು ಇಲ್ಲೇ. ಒಂಬತ್ತು ಲೇಖನಗಳಿಗೆ ಐದು ವರ್ಷ ಹಿಡಿದಿದೆ, ಅವನ್ನು ಒಂದು ಸಾಲಿಗೆ ಇಳಿಸಿ ಎಂದರೆ ಮನಸ್ಸು ಒಪ್ಪುವುದಿಲ್ಲ. ಆಗ ನಾನು ಒಂದು ಲೆಕ್ಕ ತೋರಿಸುತ್ತೇನೆ. ಪದವಿ ಕಾಲೇಜುಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಎಂದು ನಿರ್ಧರಿಸಲು ಯುಜಿಸಿಯ 2018ರ ನಿಯಮಾವಳಿಯಲ್ಲಿ ಒಂದು ಅಂಕಪಟ್ಟಿ ಇದೆ. ಅದರಲ್ಲಿ ಪಿಎಚ್.ಡಿ.ಗೆ 25 ಅಂಕ. ಪ್ರಕಟಣೆಗಳಿಗೆ ತಲಾ 2ರಂತೆ ಗರಿಷ್ಠ 6 ಅಂಕ. ಬೋಧನೆ ಅಥವಾ ಪಿಎಚ್.ಡಿ. ನಂತರದ ಸಂಶೋಧನೆಯ ಅನುಭವಕ್ಕೆ ವರ್ಷಕ್ಕೆ 2ರಂತೆ ಗರಿಷ್ಠ 10 ಅಂಕ. ಅಂದರೆ ಪದವಿ ಕಾಲೇಜಿನಲ್ಲೂ ನಾಲ್ಕನೇ ಲೇಖನದಿಂದ ಮುಂದಕ್ಕೆ ಅಂಕವಿಲ್ಲ. ಪದವಿಪೂರ್ವ ಕಾಲೇಜಿಗೆ ಈ ಪಟ್ಟಿ ಅನ್ವಯಿಸುವುದಿಲ್ಲ, ಅಲ್ಲಿ ಪ್ರಕಟಣೆ ಅರ್ಹತೆಯ ಭಾಗವೇ ಅಲ್ಲ. ಹೀಗಿರುವಾಗ ಎರಡು ಪುಟದ ಪಟ್ಟಿ ಯಾರ ಕೆಲಸಕ್ಕೂ ಬರುವುದಿಲ್ಲ.

ಹಾಗಾದರೆ ಆ ಮೂರು ಸಾಲಿನಲ್ಲಿ ಏನಿರಬೇಕು? ಮೊದಲ ಸಾಲು ಪ್ರಬಂಧದ ವಿಷಯ, ಪಿಯುಸಿ ಉಪನ್ಯಾಸಕರಿಗೆ ಅರ್ಥವಾಗುವ ಮಾತಿನಲ್ಲಿ. ಇವರ ಪ್ರಬಂಧದ ಶೀರ್ಷಿಕೆ ಇಂಗ್ಲಿಷಿನಲ್ಲಿ ಇಪ್ಪತ್ತೆರಡು ಪದ ಇತ್ತು. ಅದನ್ನು "ನೀರಿನ ಕೊರತೆಯನ್ನು ರಾಗಿ ಹೇಗೆ ತಾಳಿಕೊಳ್ಳುತ್ತದೆ" ಎಂದು ಬರೆದೆವು. ಅಧಿಕೃತ ಶೀರ್ಷಿಕೆ ಪ್ರಮಾಣಪತ್ರದಲ್ಲಿ ಇದ್ದೇ ಇದೆ. ಎರಡನೇ ಸಾಲು ಲೇಖನಗಳ ಸಂಖ್ಯೆ ಮತ್ತು "ಪಟ್ಟಿ ಕೇಳಿದರೆ ಒದಗಿಸುತ್ತೇನೆ" ಎಂಬ ಮಾತು.

ಮೂರನೇ ಸಾಲಿಗೆ ಸ್ವಲ್ಪ ಯೋಚನೆ ಬೇಕು. ಸಂಶೋಧನೆ ತರಗತಿಗೆ ಎಲ್ಲಿ ತಾಗುತ್ತದೆ ಎಂದು ಅದು ಹೇಳಬೇಕು. ಮೊದಲ ಪಿಯುಸಿಯಲ್ಲಿ ಉನ್ನತ ಸಸ್ಯಗಳ ದ್ಯುತಿಸಂಶ್ಲೇಷಣೆ ಎಂಬ ಅಧ್ಯಾಯವಿದೆ. ಅದರಲ್ಲಿ ಸಿ–3 ಮತ್ತು ಸಿ–4 ಮಾರ್ಗಗಳ ವ್ಯತ್ಯಾಸವನ್ನು ಮಕ್ಕಳು ಕೋಷ್ಟಕವಾಗಿ ಬಾಯಿಪಾಠ ಮಾಡುತ್ತಾರೆ. ಭತ್ತ ಸಿ–3, ರಾಗಿ ಸಿ–4. ರಾಗಿ ಎಲೆಯ ತೆಳುವಾದ ಅಡ್ಡಸೀಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನಾಳಕೂರ್ಚದ ಸುತ್ತ ಹಸಿರು ತುಂಬಿದ ದೊಡ್ಡ ಕೋಶಗಳ ಬಳೆ ಎದ್ದು ಕಾಣುತ್ತದೆ. ಭತ್ತದ ಎಲೆಯಲ್ಲಿ ಹಾಗೆ ಕಾಣುವುದಿಲ್ಲ. ಐದು ವರ್ಷ ಆ ಎಲೆಯನ್ನೇ ನೋಡಿದವರು ಈ ಪಾಠವನ್ನು ಕೋಷ್ಟಕದಿಂದ ಆರಂಭಿಸಬೇಕಾಗಿಲ್ಲ. ಎಲೆಯ ಮೇಲ್ಭಾಗ, ಕೆಳಭಾಗದ ಪತ್ರರಂಧ್ರಗಳನ್ನು ಎಣಿಸುವ ಪ್ರಯೋಗವೂ ಇವರಿಗೆ ನಿತ್ಯದ ಕೆಲಸವಾಗಿತ್ತು. ಈ ಎರಡನ್ನೂ ಸೇರಿಸಿ ಮೂರನೇ ಸಾಲು ಬರೆದೆವು. ಪ್ರಯೋಗಾಲಯ ತಂತ್ರಗಳ ಅರ್ಧ ಪುಟದ ಪಟ್ಟಿ ಹೋಯಿತು, ಅದರಲ್ಲಿ ಮಕ್ಕಳ ಮೇಜಿಗೆ ಬರಬಲ್ಲ ಎರಡು ಕೌಶಲ ಉಳಿದವು.

ಐದನೇ ಹಂತ: ಬಿಡುವುದು, ಸೇರಿಸುವುದು

ವಿಚಾರ ಸಂಕಿರಣಗಳು, ಕಾರ್ಯಾಗಾರಗಳು, ಪ್ರಬಂಧದ ಸಾರಾಂಶ ಪೂರ್ತಿ ಹೋದವು. "ಸಂಶೋಧನೆಯಲ್ಲಿ ಮುಂದುವರಿಯುವುದು ನನ್ನ ಗುರಿ" ಎಂಬ ಮೊದಲ ಪುಟದ ಹಳೆಯ ವಾಕ್ಯವೂ ಹೋಯಿತು. ಅದೊಂದು ಉಳಿದಿದ್ದರೂ ಬಾಕಿ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ತಂದೆಯ ಹೆಸರು, ವೈವಾಹಿಕ ಸ್ಥಿತಿ, ಹವ್ಯಾಸಗಳು, "ಮೇಲ್ಕಂಡ ವಿವರಗಳೆಲ್ಲ ಸತ್ಯವೆಂದು ಘೋಷಿಸುತ್ತೇನೆ" ಎಂಬ ಘೋಷಣೆ ಬಯೋಡೇಟಾ ಕಾಲದ ರೂಢಿ. ಅವುಗಳನ್ನು ಬಿಟ್ಟರೆ ಏಳೆಂಟು ಸಾಲು ಉಳಿಯುತ್ತದೆ. ಕಾಲೇಜಿನ ಅರ್ಜಿ ನಮೂನೆಯಲ್ಲಿ ಕೇಳಿದ್ದರೆ ಅಲ್ಲೇ ತುಂಬಿದರೆ ಸಾಕು.

ಸೇರಿಸಬೇಕಾದದ್ದೂ ಇದೆ. ಹಳೆಯ ಸಿ.ವಿ.ಯಲ್ಲಿ ಬರೀ "ಬಿ.ಎಸ್ಸಿ." ಎಂದಿತ್ತು. ಪಿಯುಸಿಯಲ್ಲಿ ಜೀವಶಾಸ್ತ್ರ ಒಂದೇ ವಿಷಯ, ಅದರಲ್ಲಿ ಸಸ್ಯವೂ ಇದೆ, ಪ್ರಾಣಿಯೂ ಇದೆ. ಎಂ.ಎಸ್ಸಿ. ಸಸ್ಯಶಾಸ್ತ್ರದವರು ಮಾನವ ಶರೀರಕ್ರಿಯೆಯ ಅಧ್ಯಾಯ ಮಾಡಬಲ್ಲರೇ ಎಂದು ಹಿರಿಯ ಉಪನ್ಯಾಸಕರು ಕೇಳಿಯೇ ಕೇಳುತ್ತಾರೆ. ಇವರ ಬಿ.ಎಸ್ಸಿ. ಸಂಯೋಜನೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಅದನ್ನು ಬಿಡಿಸಿ ಬರೆದ ಕೂಡಲೇ ಉತ್ತರ ಸಿಕ್ಕಿತು. ಹಾಗೆಯೇ ಬೋಧನಾ ಭಾಷೆ. ಪಿಯುಸಿ ವಿಜ್ಞಾನವನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಕಲಿಸುತ್ತಾರೆ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಬಂದ ಮಕ್ಕಳು ಮೊದಲ ತಿಂಗಳುಗಳಲ್ಲಿ ಕಂಗಾಲಾಗುತ್ತಾರೆ. ಎರಡೂ ಭಾಷೆಯಲ್ಲಿ ವಿವರಿಸಬಲ್ಲೆ ಎಂಬುದನ್ನು ಪ್ರಾಂಶುಪಾಲರು ಗಮನಿಸದೆ ಇರುವುದಿಲ್ಲ. ಮನೆ ಇರುವ ಬಡಾವಣೆಯ ಹೆಸರೂ ಬೇಕು, ಏಕೆಂದರೆ ಬೆಳಗಿನ ವಿಶೇಷ ತರಗತಿಗೆ ಬರಲು ಆಗುತ್ತದೆಯೇ ಎಂದು ಅದರಿಂದಲೇ ಅಂದಾಜು ಮಾಡುತ್ತಾರೆ.

ಸಿದ್ಧವಾದ ಪುಟ

ಹೆಸರು, ಫೋನ್, ಇಮೇಲ್ ಬಿಟ್ಟು ಆ ಪುಟ ಹೀಗಿತ್ತು. ಇಂಗ್ಲಿಷಿನಲ್ಲಿ ಅರ್ಜಿ ಕೇಳುವ ಕಾಲೇಜಿಗೆ ಇದನ್ನೇ ಇಂಗ್ಲಿಷಿನಲ್ಲಿ ಬರೆದರಾಯಿತು. ಕ್ರಮ ಬದಲಾಗುವುದಿಲ್ಲ.

ಜೀವಶಾಸ್ತ್ರ ಉಪನ್ಯಾಸಕ ಹುದ್ದೆಗೆ
ವಾಸ: ಅಲ್ಲಾಳಸಂದ್ರ, ಬೆಂಗಳೂರು. ಜೂನ್ ಮೊದಲ ವಾರದಿಂದ ಲಭ್ಯ.

ಅರ್ಹತೆ
ಬಿ.ಇಡಿ. (ಜೀವಶಾಸ್ತ್ರ, ರಸಾಯನಶಾಸ್ತ್ರ ಬೋಧನಾ ಪದ್ಧತಿ), ಅಂತಿಮ ಸೆಮಿಸ್ಟರ್ ಫಲಿತಾಂಶ ಬರಬೇಕಿದೆ
ಪಿಎಚ್.ಡಿ., ಸಸ್ಯಶಾಸ್ತ್ರ
ಎಂ.ಎಸ್ಸಿ., ಸಸ್ಯಶಾಸ್ತ್ರ, ಶೇ. 68
ಬಿ.ಎಸ್ಸಿ. (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ), ಶೇ. 74

ಬೋಧನಾ ಅನುಭವ
ಪಿಯುಸಿ ಜೀವಶಾಸ್ತ್ರ, ಟ್ಯೂಷನ್ ಕೇಂದ್ರ, ಕೊಡಿಗೇಹಳ್ಳಿ, 11 ತಿಂಗಳು: ಮೊದಲ ಮತ್ತು ಎರಡನೇ ಪಿಯುಸಿ, ವಾರಕ್ಕೆ 10 ಗಂಟೆ, ಸಸ್ಯ ಮತ್ತು ಪ್ರಾಣಿ ವಿಭಾಗದ ಎಲ್ಲ ಅಧ್ಯಾಯಗಳು. ಪಾಠ ಇಂಗ್ಲಿಷಿನಲ್ಲಿ, ಕನ್ನಡ ಮಾಧ್ಯಮದಿಂದ ಬಂದವರಿಗೆ ಕನ್ನಡದಲ್ಲೂ ವಿವರಣೆ.
ಶಾಲಾ ಇಂಟರ್ನ್‌ಶಿಪ್, ಸರ್ಕಾರಿ ಪ್ರೌಢಶಾಲೆ, 16 ವಾರ: 8 ಮತ್ತು 9ನೇ ತರಗತಿ ವಿಜ್ಞಾನ. "ಅಂಗಾಂಶಗಳು" ಘಟಕದಲ್ಲಿ ಕ್ಸೈಲಮ್–ಫ್ಲೋಯಮ್ ಗೊಂದಲವಿದ್ದ 21 ಮಕ್ಕಳಿಗೆ (ಒಟ್ಟು 38) ಪರಿಹಾರ ಬೋಧನೆ. ಮರುಪರೀಕ್ಷೆಯಲ್ಲಿ ಗೊಂದಲ ಉಳಿದವರು 8.
ಎಂ.ಎಸ್ಸಿ. ಪ್ರಾಯೋಗಿಕ ತರಗತಿ, ಎರಡು ಸೆಮಿಸ್ಟರ್: 24 ವಿದ್ಯಾರ್ಥಿಗಳು, ಸೂಚನಾ ಹಾಳೆಗಳ ತಯಾರಿ, ದಾಖಲೆ ಪುಸ್ತಕಗಳ ಮೌಲ್ಯಮಾಪನ. ಇಬ್ಬರ ಪ್ರಾಜೆಕ್ಟಿಗೆ ಮಾರ್ಗದರ್ಶನ.

ಸಂಶೋಧನೆ
ವಿಷಯ: ನೀರಿನ ಕೊರತೆಯನ್ನು ರಾಗಿ ಹೇಗೆ ತಾಳಿಕೊಳ್ಳುತ್ತದೆ.
ಪ್ರಕಟಿತ ಲೇಖನಗಳು 9. ಪಟ್ಟಿ ಕೇಳಿದರೆ ಒದಗಿಸುತ್ತೇನೆ.
ತರಗತಿಗೆ: ರಾಗಿ ಮತ್ತು ಭತ್ತದ ಎಲೆಯ ಅಡ್ಡಸೀಳಿನಿಂದ ಸಿ–4, ಸಿ–3 ವ್ಯತ್ಯಾಸದ ಪಾಠ, ಪತ್ರರಂಧ್ರ ಎಣಿಕೆಯ ಪ್ರಯೋಗ.

ಭಾಷೆ: ಕನ್ನಡ, ಇಂಗ್ಲಿಷ್, ತೆಲುಗು
ಪರಿಚಯ ನೀಡಬಲ್ಲವರು: ಇಂಟರ್ನ್‌ಶಿಪ್ ಮಾರ್ಗದರ್ಶಕ ಶಿಕ್ಷಕರು, ಬಿ.ಇಡಿ. ವಿಧಾನ ಬೋಧಕರು

ಪರಿಚಯ ನೀಡಬಲ್ಲವರು ಬದಲಾಗಿರುವುದನ್ನು ಗಮನಿಸಿ. ಹಳೆಯದರಲ್ಲಿ ಮೂವರು ವಿಜ್ಞಾನಿಗಳ ಹೆಸರಿತ್ತು. ಅವರ್ಯಾರೂ ಇವರು ಪಾಠ ಮಾಡಿದ್ದನ್ನು ನೋಡಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಅವಲೋಕನ ಹಾಳೆ ತುಂಬಿದವರ ಮಾತಿಗೆ ಇಲ್ಲಿ ಹೆಚ್ಚು ಬೆಲೆ. ಹೆಸರು ಕೊಡುವ ಮುನ್ನ ಅವರ ಒಪ್ಪಿಗೆ ಕೇಳಿ.

ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಎ4 ಹಾಳೆ, ಸುತ್ತ ಎರಡು ಸೆಂಟಿಮೀಟರ್ ಅಂಚು, 11 ಪಾಯಿಂಟ್ ಅಕ್ಷರ. ಇದಕ್ಕಿಂತ ಚಿಕ್ಕದು ಮಾಡಿದರೆ ಮಾತ್ರ ಹಿಡಿಸುತ್ತದೆ ಎಂದಾದರೆ ಇನ್ನೂ ತೆಗೆಯುವುದಿದೆ ಎಂದು ಅರ್ಥ. ಕನ್ನಡದಲ್ಲಿ ಬರೆದದ್ದನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಪಿಡಿಎಫ್ ಮಾಡಿ ಕಳಿಸಿ. ನುಡಿಯ ಹಳೆಯ ಫಾಂಟಿನಲ್ಲಿ ಟೈಪಿಸಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ.

ನಂತರ ಎರಡು ಪರೀಕ್ಷೆ ಮಾಡಿ. ಮೊದಲನೆಯದು, ನಿಮ್ಮ ವಿಷಯದವರಲ್ಲದ ಸಹಪಾಠಿಗೆ ಪುಟವನ್ನು ಅರ್ಧ ನಿಮಿಷ ತೋರಿಸಿ ವಾಪಸು ತೆಗೆದುಕೊಳ್ಳಿ. ಯಾವ ತರಗತಿಗೆ, ಯಾವ ವಿಷಯ, ಎಷ್ಟು ಕಾಲ ಕಲಿಸಿದ್ದಾರೆ ಎಂದು ಕೇಳಿ. ನಮ್ಮ ಪ್ರಶಿಕ್ಷಣಾರ್ಥಿಯ ಮೊದಲ ಕರಡು ಓದಿದ ಕನ್ನಡ ವಿಧಾನದ ಗೆಳತಿ "ರಾಗಿ ಬಗ್ಗೆ ಏನೋ ಇತ್ತು" ಎಂದರು. ಆ ಕರಡಿನಲ್ಲಿ ಸಂಶೋಧನೆ ಬೋಧನೆಗಿಂತ ಮೇಲಿತ್ತು. ಎರಡನ್ನೂ ಅದಲುಬದಲು ಮಾಡಿದ ಮೇಲೆ ಬೇರೊಬ್ಬರಿಗೆ ತೋರಿಸಿದಾಗ "ಪಿಯುಸಿಗೆ ಪಾಠ ಮಾಡಿದ್ದಾರೆ, ಹನ್ನೊಂದು ತಿಂಗಳು" ಎಂಬ ಉತ್ತರ ಬಂತು.

ಎರಡನೆಯದು, ಪ್ರತಿ ಸಾಲಿನ ಮೇಲೂ ಬೆರಳಿಟ್ಟು "ಇದನ್ನು ತೋರಿಸಿ" ಎಂದು ಸಮಿತಿ ಕೇಳಿದರೆ ಏನು ತೋರಿಸುತ್ತೀರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. 21 ಮತ್ತು 8ಕ್ಕೆ ಅಂಕಗಳ ವಿಶ್ಲೇಷಣೆಯ ಹಾಳೆ ಇದೆಯೇ? ಎಲೆಯ ಅಡ್ಡಸೀಳನ್ನು ಸಾಧಾರಣ ಬ್ಲೇಡು, ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಮಾಡಿ ತೋರಿಸಬಲ್ಲಿರಾ? ಸಂಶೋಧನಾ ಕೇಂದ್ರದ ಉಪಕರಣವಿದ್ದರೆ ಮಾತ್ರ ಆಗುತ್ತದೆ ಎನ್ನುವುದಾದರೆ ಆ ಸಾಲು ಇರಬಾರದು. ಇವರನ್ನು ಮಾದರಿ ಪಾಠಕ್ಕೆ ಕರೆದಾಗ ಸಮಿತಿ ಕೊಟ್ಟ ವಿಷಯ ಅದೇ ಆಗಿತ್ತು: ಸಿ–4 ಸಸ್ಯಗಳು, ಇಪ್ಪತ್ತು ನಿಮಿಷ. ಪುಟದಲ್ಲಿ ಬರೆದ ಸಾಲು ಹೀಗೆ ಪಾಠದ ವಿಷಯವಾಗಿ ಎದುರು ಬಂದು ನಿಲ್ಲುತ್ತದೆ. ಅವರು ಎರಡು ಎಲೆ ಮತ್ತು ಒಂದು ಬ್ಲೇಡು ತೆಗೆದುಕೊಂಡು ಹೋಗಿದ್ದರು.

ಉದ್ದದ ಸಿ.ವಿ.ಯನ್ನು ಎಸೆಯಬೇಡಿ. ಅದು ದಾಖಲೆ, ಮುಂದೆ ಪದವಿ ಕಾಲೇಜಿಗೆ ಅರ್ಜಿ ಹಾಕುವಾಗ ಅದರಿಂದಲೇ ಬೇರೊಂದು ಪುಟ ತೆಗೆಯಬೇಕಾಗುತ್ತದೆ. ಸಂದರ್ಶನದ ದಿನ ಅದರ ಒಂದು ಪ್ರತಿ ಚೀಲದಲ್ಲಿರಲಿ, ಕೇಳಿದರೆ ಕೊಡಿ. ಅರ್ಜಿಯ ಜೊತೆ ಹೋಗುವುದು ಒಂದೇ ಪುಟ. ಎರಡನೇ ವರ್ಷದ ಪ್ರಶಿಕ್ಷಣಾರ್ಥಿಗಳು ಇಂಟರ್ನ್‌ಶಿಪ್ ಕಡತವನ್ನು ಮೌಲ್ಯಮಾಪನಕ್ಕೆ ಸಲ್ಲಿಸುವ ಮುನ್ನವೇ ಅದರಲ್ಲಿನ ಅಂಕಿಗಳನ್ನು, ಅವಲೋಕನ ಹಾಳೆಗಳ ನಕಲನ್ನು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಅರ್ಜಿ ಬರೆಯುವ ಹೊತ್ತಿಗೆ ಕಡತ ನಿಮ್ಮ ಕೈಯಲ್ಲಿ ಇರುವುದಿಲ್ಲ.